ದೀಪ ಆರುವ ಹೊತ್ತು: ಗೀಸರಿನ ನೀರು ಉಗುರುಬೆಚ್ಚಗೇ ಉಳಿಯುವುದೇಕೆ?

ಪ್ರಶ್ನೆ: ನಾವು ಹುಬ್ಬಳ್ಳಿಯ ಉಣಕಲ್‌ನವರು. ನಮ್ಮ ಮನೆಯಲ್ಲಿ 25 ಲೀಟರಿನ, 2 ಕಿಲೋವ್ಯಾಟಿನ ಗೀಸರ್ ಇದೆ. ತಂದು ಆರು ವರ್ಷವಾಯಿತು. ಮೊದಲು ಅರ್ಧ ಗಂಟೆಯಲ್ಲಿ ಕೈ ಇಡಲಾಗದಷ್ಟು ಕಾಯುತ್ತಿತ್ತು. ಈಗ ಹತ್ತು ನಿಮಿಷಕ್ಕೇ ಹೀಟಿಂಗ್ ದೀಪ ಆರುತ್ತದೆ, ನೀರು ಉಗುರುಬೆಚ್ಚಗಷ್ಟೇ ಇರುತ್ತದೆ. ಸ್ವಲ್ಪ ಹೊತ್ತಿಗೆ ದೀಪ ತಾನಾಗಿ ಹತ್ತಿ ಮತ್ತೆ ಆರುತ್ತದೆ. ಒಬ್ಬ ಮೆಕ್ಯಾನಿಕ್ "ಅಕ್ಕಾರ, ಕಾಯಿಲ್ ಸುಟ್ಟೈತ್ರಿ" ಎಂದರು. ಇನ್ನೊಬ್ಬರು ಥರ್ಮೋಸ್ಟ್ಯಾಟ್ ಬದಲಿಸಿದರು. ಎರಡು ತಿಂಗಳು ಸರಿಯಿದ್ದು ಮತ್ತೆ ಅದೇ ಕಥೆ. ಮೂರನೆಯವರು "ಥರ್ಮೋಸ್ಟ್ಯಾಟ್ ತೆಗೆದು ಡೈರೆಕ್ಟ್ ಕೊಡ್ತೀನ್ರಿ" ಎನ್ನುತ್ತಿದ್ದಾರೆ. ವೋಲ್ಟೇಜ್ ಕಡಿಮೆ ಎಂದು ನೆರೆಯವರು ಹೇಳುತ್ತಾರೆ. ನಳದ ನೀರು ಬರದ ದಿನ ಬೋರಿನ ನೀರನ್ನೇ ಟ್ಯಾಂಕಿಗೆ ಬಿಡುತ್ತೇವೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಹೊಸ ಗೀಸರೇ ತರಬೇಕೆ?

ಉತ್ತರ: ಮೂರನೆಯ ಮೆಕ್ಯಾನಿಕ್‌ಗೆ ಇವತ್ತೇ ಫೋನ್ ಮಾಡಿ, ಡೈರೆಕ್ಟ್ ಕೊಡುವುದು ಬೇಡವೆಂದು ಹೇಳಿಬಿಡಿ. ಅದರ ಕಾರಣವನ್ನು ಮುಂದೆ ವಿವರಿಸುತ್ತೇನೆ. ಹೊಸ ಗೀಸರ್ ತರುವ ಮಾತನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಸಾಕ್ಷ್ಯ ಹೆಚ್ಚುಕಡಿಮೆ ಎಲ್ಲವೂ ಇದೆ. ದೀಪ ಎಷ್ಟು ಹೊತ್ತಿಗೆ ಆರುತ್ತದೆ ಎಂಬುದನ್ನು ಗಮನಿಸಿ ಬರೆಯುವವರು ಅಪರೂಪ. ಹುಬ್ಬಳ್ಳಿ, ಧಾರವಾಡ, ಗದಗದ ಮನೆಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗೀಸರ್ ಬಿಚ್ಚುತ್ತಾ ಬಂದಿರುವ ನನಗೆ, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕೇಳಬೇಕೆನಿಸುವ ಪ್ರಶ್ನೆಯೇ ಅದು.

ಆ ಹತ್ತು ನಿಮಿಷದಿಂದಲೇ ಆರಂಭಿಸೋಣ. ಒಂದು ಯೂನಿಟ್ ವಿದ್ಯುತ್ತು ಪೂರ್ತಿಯಾಗಿ ನೀರಿಗೆ ಇಳಿದರೆ 25 ಲೀಟರ್ ನೀರು ಸುಮಾರು 34 ಡಿಗ್ರಿಯಷ್ಟು ಬಿಸಿಯೇರುತ್ತದೆ. ನಿಮ್ಮ ಗೀಸರ್ 2 ಕಿಲೋವ್ಯಾಟಿನದಾದ್ದರಿಂದ ಅದು ಅರ್ಧ ಗಂಟೆಗೆ ಒಂದು ಯೂನಿಟ್ ಉಣ್ಣುತ್ತದೆ. ಟ್ಯಾಂಕಿನಿಂದ 24 ಡಿಗ್ರಿಯ ನೀರು ಇಳಿದು ಬಂದರೆ ಅದು 60 ಡಿಗ್ರಿ ಮುಟ್ಟಲು ಸುಮಾರು 32 ನಿಮಿಷ ಬೇಕು. ಮೊದಲು ಅರ್ಧ ಗಂಟೆಯಲ್ಲಿ ಕಾಯುತ್ತಿತ್ತು ಎಂಬ ನಿಮ್ಮ ನೆನಪಿಗೆ ಇದು ಸರಿಯಾಗಿ ಹೊಂದುತ್ತದೆ. ಈಗ ಹತ್ತು ನಿಮಿಷಕ್ಕೆ ದೀಪ ಆರಿದರೆ ಒಳಗೆ ಹೋದದ್ದು ಒಂದು ಯೂನಿಟ್ಟಿನ ಮೂರನೆಯ ಒಂದು ಭಾಗ ಮಾತ್ರ, ಅಂದರೆ ನೀರು ಏರಿದ್ದು ಹನ್ನೊಂದು ಡಿಗ್ರಿ. 24ಕ್ಕೆ 11 ಕೂಡಿಸಿದರೆ 35. ನಮ್ಮ ಮೈಯ ಬಿಸಿಗಿಂತ ತುಸು ಕಡಿಮೆಯಾದ ಈ ನೀರನ್ನೇ ನಾವು ಉಗುರುಬೆಚ್ಚಗಿದೆ ಎನ್ನುತ್ತೇವೆ. ಹತ್ತು ನಿಮಿಷದಲ್ಲಿ ನೀರು ಎಷ್ಟು ಕಾಯಬೇಕಿತ್ತೋ ನಿಮ್ಮ ಮನೆಯಲ್ಲಿ ಅಷ್ಟೇ ಕಾಯುತ್ತಿದೆ. ಹತ್ತು ನಿಮಿಷಕ್ಕೆ ಅದು ನಿಂತುಬಿಡುವುದೇ ತೊಂದರೆ.

ಈ ಲೆಕ್ಕದ ಮುಂದೆ ಮೊದಲನೆಯ ಮೆಕ್ಯಾನಿಕ್ ಹೇಳಿದ ಮಾತು ನಿಲ್ಲುವುದಿಲ್ಲ. ನೀರು ಬೆಚ್ಚಗೆ ಬಂದರೆ ಕಾಯಿಲ್ ಅರ್ಧ ಸುಟ್ಟಿದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಹಳ ಗಟ್ಟಿಯಾಗಿದೆ. ಕಾಯಿಲ್ ಎಂದು ಜನ ಕರೆಯುವುದು ನೀರು ಕಾಯಿಸುವ ಎಲಿಮೆಂಟನ್ನು, ಮನೆಗಳಲ್ಲಿರುವ ಬಹುಪಾಲು ಗೀಸರುಗಳಲ್ಲಿ ಅದು ಒಂದೇ ಇರುತ್ತದೆ. ತಾಮ್ರದ ಕೊಳವೆಯೊಳಗೆ ಮೆಗ್ನೀಷಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ತುಂಬಿ, ಅದರ ನಡುವೆ ನಿಕ್ರೋಮ್ ತಂತಿಯ ಸುರುಳಿಯನ್ನು ಕೂರಿಸಿರುತ್ತಾರೆ. ಆ ತಂತಿ ಒಂದು ಕಡೆ ತುಂಡಾದರೆ ವಿದ್ಯುತ್ತು ಹರಿಯುವುದು ಸಂಪೂರ್ಣ ನಿಲ್ಲುತ್ತದೆ, ನೀರು ತಣ್ಣಗೇ ಉಳಿಯುತ್ತದೆ. ಆಗ ದೀಪದ ನಡತೆ ನಿಮ್ಮ ಮನೆಯದಕ್ಕೆ ತದ್ವಿರುದ್ಧವಾಗಿರುತ್ತದೆ: ಹೀಟಿಂಗ್ ದೀಪಕ್ಕೆ, ನೀರು ಕಾದೊಡನೆ ಕರೆಂಟ್ ಕಡಿಯುವ ಥರ್ಮೋಸ್ಟ್ಯಾಟನ್ನು ದಾಟಿದ ಮೇಲೆ ಕರೆಂಟ್ ಸಿಗುವುದರಿಂದ ಅದು ಹತ್ತಿಯೇ ಇರುತ್ತದೆ, ನೀರು ಕಾಯದ ಕಾರಣ ಥರ್ಮೋಸ್ಟ್ಯಾಟ್ ಅದನ್ನು ಆರಿಸುವುದೂ ಇಲ್ಲ. ಒಂದು ಗಂಟೆ ದೀಪ ಉರಿದರೂ ನೀರು ತಣ್ಣಗಿದ್ದರೆ ಎಲಿಮೆಂಟ್ ಸುಟ್ಟಿದೆ ಎಂದು ಬಿಚ್ಚದೆಯೇ ಹೇಳಬಹುದು. ಅನುಮಾನವಿದ್ದರೆ ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ ಗೀಸರ್ ಒಂದನ್ನೇ ಹಾಕಿ ಮೀಟರ್ ನೋಡಿ. ಅದರ ಮೇಲಿನ ಸಣ್ಣ ಕೆಂಪು ದೀಪ ಪಟಪಟನೆ ಮಿನುಗಿದರೆ ಎಲಿಮೆಂಟ್ ಕೆಲಸ ಮಾಡುತ್ತಿದೆ, ಸುಮ್ಮನೆ ನಿಂತಿದ್ದರೆ ಮಾಡುತ್ತಿಲ್ಲ. ಎರಡು ಎಲಿಮೆಂಟ್ ಇರುವ ಕೆಲವು ದೊಡ್ಡ ಗೀಸರುಗಳಲ್ಲಿ ಒಂದು ಸುಟ್ಟು ಇನ್ನೊಂದು ಉಳಿಯುವುದುಂಟು. ಅಲ್ಲಿಯೂ ನೀರು ಕಾಯಲು ಎರಡು ಪಟ್ಟು ಹೊತ್ತು ಹಿಡಿಯುತ್ತದೆಯೇ ಹೊರತು ದೀಪ ಬೇಗ ಆರುವುದಿಲ್ಲ.

ನೆರೆಯವರು ಹೇಳಿದ ವೋಲ್ಟೇಜಿನ ಮಾತಿಗೂ ಇದೇ ಉತ್ತರ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ 2 ಕಿಲೋವ್ಯಾಟಿನ ಎಲಿಮೆಂಟ್ ಸುಮಾರು 1,225 ವ್ಯಾಟಿಗೆ ಇಳಿಯುತ್ತದೆ ಮತ್ತು 32 ನಿಮಿಷದ ಕೆಲಸಕ್ಕೆ 52 ನಿಮಿಷ ಹಿಡಿಯುತ್ತದೆ. ದೀಪ ಹೆಚ್ಚು ಹೊತ್ತು ಉರಿಯಬೇಕಿತ್ತು, ನಿಮ್ಮಲ್ಲಿ ಕಡಿಮೆ ಹೊತ್ತು ಉರಿಯುತ್ತಿದೆ.

ಹಾಗಾದರೆ ಉಳಿದದ್ದು ಥರ್ಮೋಸ್ಟ್ಯಾಟ್. ಅದನ್ನು ಈಗಾಗಲೇ ಬದಲಿಸಿದ್ದಾರಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರಿಸಲು ಗೀಸರಿನ ತಳ ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಬೇಕು.

ಗೋಡೆಗೆ ನಿಲ್ಲಿಸಿದ ಗೀಸರಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ನಟ್ಟುಗಳಿಂದ ಬಿಗಿದ ದುಂಡನೆಯ ಲೋಹದ ತಟ್ಟೆಯೊಂದು ಕಾಣುತ್ತದೆ. ಅದನ್ನು ಫ್ಲ್ಯಾಂಜ್ ಎನ್ನುತ್ತೇವೆ. ಈ ತಟ್ಟೆಯ ಮೇಲೆ, ನೀರಿನೊಳಗೆ, ಎಲಿಮೆಂಟ್ ಬಾಗಿಕೊಂಡು ನಿಂತಿರುತ್ತದೆ. ಅದರ ಪಕ್ಕದಲ್ಲೇ ಬೆರಳಿಗಿಂತ ತೆಳ್ಳಗಿನ ಇನ್ನೊಂದು ಕೊಳವೆ ನಿಂತಿರುತ್ತದೆ. ಆ ಕೊಳವೆಯೊಳಕ್ಕೆ ಕೆಳಗಿನಿಂದ ತೂರಿಸಿದ ಕಡ್ಡಿಯೇ ಥರ್ಮೋಸ್ಟ್ಯಾಟ್. ಕಡ್ಡಿಯ ಹೊರಮೈ ಹಿತ್ತಾಳೆಯದು, ಬಿಸಿಯಾದಾಗ ಉದ್ದವಾಗುತ್ತದೆ; ಒಳಗಿನ ಸರಳು ಅಷ್ಟಾಗಿ ಹಿಗ್ಗದ ಲೋಹದ್ದು. ಎರಡರ ನಡುವಿನ ಈ ಕೂದಲೆಳೆಯಷ್ಟು ವ್ಯತ್ಯಾಸವೇ ತಲೆಯಲ್ಲಿರುವ ಸ್ವಿಚ್ಚನ್ನು ಟಕ್ಕೆಂದು ಬಿಡಿಸುತ್ತದೆ. ಹೊರಗೆ ಗುಂಡಿ ತಿರುಗಿಸುವ ಮಾದರಿಗಳಲ್ಲಿ ಕಡ್ಡಿಯ ಬದಲು ದ್ರವ ತುಂಬಿದ ತೆಳು ತಾಮ್ರದ ನಳಿಕೆ ಇರುತ್ತದೆ, ಆದರೆ ಅದೂ ಕೂರುವುದು ಇಂಥದೇ ಕೊಳವೆಯಲ್ಲಿ. ಥರ್ಮೋಸ್ಟ್ಯಾಟಿಗೆ ನೇರವಾಗಿ ತಿಳಿಯುವುದು ತಾನು ಕುಳಿತ ಕೊಳವೆಯ ಬಿಸಿ ಎಷ್ಟು ಎಂಬುದು ಮಾತ್ರ. ಆ ಕೊಳವೆಯ ಸುತ್ತ ನೀರು ಸಲೀಸಾಗಿ ಓಡಾಡುತ್ತಿರುವ ತನಕ ಕೊಳವೆಯ ಬಿಸಿಯೂ ನೀರಿನ ಬಿಸಿಯೂ ಒಂದೇ ಆಗಿರುತ್ತವೆ.

ಬೋರಿನ ನೀರು ಈ ಒಪ್ಪಂದವನ್ನು ಕೆಡಿಸುತ್ತದೆ. ಹಿಂದೆ ಬಚ್ಚಲ ಹಂಡೆಯಲ್ಲಿ ಸವಳು ನೀರು ಕಾಯಿಸಿದವರಿಗೆ ಹಂಡೆಯ ಒಳಮೈಗೆ ಕಟ್ಟುತ್ತಿದ್ದ ಬಿಳಿ ಹಕ್ಕಳೆ ನೆನಪಿರುತ್ತದೆ. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿ ತಾಗಿದೊಡನೆ ಒಡೆದು ಸುಣ್ಣದ ಕಲ್ಲಾಗಿ ಕೂರುತ್ತದೆ, ಅದೂ ಎಲ್ಲಿ ಅತಿ ಹೆಚ್ಚು ಬಿಸಿಯಿದೆಯೋ ಅಲ್ಲೇ ಮೊದಲು. ಗೀಸರಿನಲ್ಲಿ ಆ ಜಾಗ ಎಲಿಮೆಂಟಿನ ಮೈ. ಅವಳಿ ನಗರಕ್ಕೆ ನಳದಲ್ಲಿ ಬರುವುದು ಸವದತ್ತಿಯ ಕಡೆಯ ಮಲಪ್ರಭಾ ನೀರು ಮತ್ತು ನೀರಸಾಗರದ ಕೆರೆಯ ನೀರು. ಅವೆರಡೂ ಬೋರಿನ ನೀರಿಗಿಂತ ಬಹಳ ಮೃದು. ಆದರೆ ನಳ ಬರುವ ದಿನಗಳ ನಡುವಿನ ಬಿಡುವಿನಲ್ಲಿ ಟ್ಯಾಂಕಿಗೆ ಬೋರ್ ಬಿಡುವುದು ನಿಮ್ಮೊಬ್ಬರ ಮನೆಯ ಪದ್ಧತಿಯಲ್ಲ, ಮತ್ತು ಗೀಸರ್ ತನಗೆ ಬಂದ ನೀರನ್ನೆಲ್ಲ ಕಾಯಿಸಲೇಬೇಕು. ಆರು ವರ್ಷದಲ್ಲಿ ಸುಣ್ಣ ಎಲಿಮೆಂಟಿನ ಸುತ್ತ ದಪ್ಪವಾಗಿ ಬೆಳೆದು, ಉದುರಿದ ಚೂರುಗಳು ತಳದಲ್ಲಿ ಗುಡ್ಡೆಯಾಗಿ, ಕೊನೆಗೊಂದು ದಿನ ಎಲಿಮೆಂಟ್ ಮತ್ತು ಥರ್ಮೋಸ್ಟ್ಯಾಟಿನ ಕೊಳವೆಯ ನಡುವಿನ ಸಂದು ಗಾರೆ ತುಂಬಿದಂತೆ ಮುಚ್ಚಿಹೋಗುತ್ತದೆ. ಅಲ್ಲಿಂದಾಚೆಗೆ ಎಲಿಮೆಂಟಿನ ಬಿಸಿ ನೀರಿಗೆ ಹೋಗುವ ಮೊದಲೇ ಸುಣ್ಣದ ಮೂಲಕ ನೇರ ಕೊಳವೆಗೆ ತಾಗುತ್ತದೆ. ಕೊಳವೆ 60 ಡಿಗ್ರಿ ಮುಟ್ಟುತ್ತದೆ, ಥರ್ಮೋಸ್ಟ್ಯಾಟ್ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿ ಸ್ವಿಚ್ಚು ಬಿಡಿಸುತ್ತದೆ, ನೀರು ಮಾತ್ರ ಇನ್ನೂ 35ರಲ್ಲೇ ಇರುತ್ತದೆ.

ನಿಮ್ಮ ಮನೆಯಲ್ಲಿ ಆಗಿರುವುದು ಇದೇ ಎಂದು ನಾನು ಬಲವಾಗಿ ನಂಬಲು ನೀವು ಬರೆದ ಒಂದು ಸಾಲು ಕಾರಣ: ಸ್ವಲ್ಪ ಹೊತ್ತಿಗೆ ದೀಪ ತಾನಾಗಿ ಹತ್ತಿ ಮತ್ತೆ ಆರುತ್ತದೆ. ಥರ್ಮೋಸ್ಟ್ಯಾಟೇ ಕೆಟ್ಟು, ಅದರ ಸ್ಪ್ರಿಂಗ್ ಸೋತು, 60ರ ಬದಲು 35ಕ್ಕೇ ಬಿಡಿಸುತ್ತಿದ್ದರೆ, ಅದು ಮತ್ತೆ ಹತ್ತಲು ನೀರು ನಿಜವಾಗಿ ಕೆಲವು ಡಿಗ್ರಿ ತಣಿಯಬೇಕು. ದಪ್ಪ ಹೊದಿಕೆಯ ಗೀಸರಿನಲ್ಲಿ 35 ಡಿಗ್ರಿಯ ನೀರು ಅಷ್ಟು ತಣಿಯಲು ಗಂಟೆಗಟ್ಟಲೆ ಬೇಕು, ಆದ್ದರಿಂದ ದೀಪ ಆರಿದ್ದು ಆರಿಯೇ ಇರುತ್ತದೆ. ಸುಣ್ಣದ ಪ್ರಕರಣದಲ್ಲಿ ಬಿಸಿಯಾಗಿದ್ದುದು ಕೊಳವೆಯ ಸುತ್ತಲಿನ ಸ್ವಲ್ಪ ಜಾಗ ಮಾತ್ರ. ಸುತ್ತಲಿನ ತಣ್ಣೀರು ಅದನ್ನು ಕೆಲವೇ ನಿಮಿಷಗಳಲ್ಲಿ ತಣಿಸುತ್ತದೆ, ದೀಪ ಮತ್ತೆ ಹತ್ತುತ್ತದೆ, ತುಸು ಹೊತ್ತಿಗೆ ಮತ್ತೆ ಆರುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಒಂದು ದಿನ ನಳ ತಿರುಗಿಸದೆ ಒಂದೂವರೆ ಗಂಟೆ ಗೀಸರನ್ನು ಹಾಕಿಡಿ. ಆ ಹೊತ್ತೆಲ್ಲ ಯಾರಾದರೂ ಮನೆಯಲ್ಲಿರಲಿ. ಹತ್ತಿ ಆರಿ, ಹತ್ತಿ ಆರಿ, ಕೊನೆಗೆ ನೀರು ಚೆನ್ನಾಗಿ ಕಾದಿದ್ದರೆ ಅದು ಸುಣ್ಣ. ಒಂದೂವರೆ ಗಂಟೆಯ ನಂತರವೂ ಅದೇ ಉಗುರುಬಿಸಿಯಿದ್ದರೆ ಥರ್ಮೋಸ್ಟ್ಯಾಟ್ ಕೆಟ್ಟಿದೆ. ಸುಣ್ಣ ಕಟ್ಟಿದ ಗೀಸರಿಗೆ ಕಿವಿಗೊಟ್ಟರೆ ಕಾಯುವಾಗ ಒಗ್ಗರಣೆ ಸಿಡಿದಂತೆ ಸಣ್ಣ ಚಟಪಟ ಸದ್ದೂ ಕೇಳುತ್ತದೆ, ಏಕೆಂದರೆ ಸುಣ್ಣದ ರಂಧ್ರಗಳಲ್ಲಿ ಸಿಕ್ಕಿಕೊಂಡ ನೀರು ಅಲ್ಲಲ್ಲೇ ಕುದಿದು ಆವಿಯಾಗುತ್ತಿರುತ್ತದೆ.

ಅಂದಮೇಲೆ ಹೊಸ ಥರ್ಮೋಸ್ಟ್ಯಾಟ್ ಎರಡು ತಿಂಗಳು ಹೇಗೆ ನಡೆಯಿತು? ಕಡ್ಡಿಯ ಥರ್ಮೋಸ್ಟ್ಯಾಟನ್ನು ನೀರು ಖಾಲಿ ಮಾಡದೆ, ಫ್ಲ್ಯಾಂಜ್ ಬಿಚ್ಚದೆ, ಕೆಳಗಿನಿಂದಲೇ ಎಳೆದು ಇನ್ನೊಂದನ್ನು ತೂರಿಸಬಹುದು. ಹತ್ತು ನಿಮಿಷದ ಕೆಲಸ ಅದು, ಒಳಗಿನ ಸುಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ. ಬದಲಿಸಿದವರು ಬಹುಶಃ ಅದರ ತಲೆಯ ಮೇಲಿನ ಸಣ್ಣ ಸ್ಕ್ರೂವನ್ನು ಅತಿ ಹೆಚ್ಚಿನ ಗುರುತಿಗೆ ತಿರುಗಿಸಿಟ್ಟಿರಬೇಕು. ಆಗ ಕೊಳವೆ ಇನ್ನಷ್ಟು ಬಿಸಿಯಾಗುವ ತನಕ ಸ್ವಿಚ್ಚು ಬಿಡದ ಕಾರಣ ನೀರಿಗೂ ಇನ್ನಷ್ಟು ಬಿಸಿ ಸಿಕ್ಕಿತು. ಬಿಸಿ ಏರಿದಷ್ಟೂ ಸುಣ್ಣ ಬೇಗ ಕಟ್ಟುವುದರಿಂದ ಆ ಲಾಭವನ್ನು ಎರಡು ತಿಂಗಳಲ್ಲಿ ಸುಣ್ಣವೇ ನುಂಗಿತು. ಗುರುತು ಏರಿಸಿಟ್ಟರೆ ನೀರು ಬೇಗ ಕಾಯುತ್ತದೆ ಎಂಬುದೂ ತಪ್ಪು ತಿಳಿವಳಿಕೆಯೇ. ಕಾಯುವ ವೇಗ ಎಲಿಮೆಂಟಿನ ಕೈಯಲ್ಲಿದೆ. ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಥರ್ಮೋಸ್ಟ್ಯಾಟಿನ ಕೈಯಲ್ಲಿದೆ.

ಇಂಥದ್ದೇ ಒಂದು ಗೀಸರನ್ನು ಹೋದ ಚಳಿಗಾಲದಲ್ಲಿ ಗದಗ-ಬೆಟಗೇರಿಯ ಮನೆಯೊಂದರಲ್ಲಿ ಬಿಚ್ಚಿದ್ದೆ. 15 ಲೀಟರಿನದು, ಬರೀ ಬೋರಿನ ನೀರು, ನಾಲ್ಕೇ ವರ್ಷ. ಸುಮಾರು 19 ನಿಮಿಷ ಉರಿಯಬೇಕಾದ ದೀಪ ಐದು ನಿಮಿಷಕ್ಕೆ ಆರುತ್ತಿತ್ತು. ಅವರು ಮೂರು ಥರ್ಮೋಸ್ಟ್ಯಾಟ್ ಬದಲಿಸಿ, ನಾಲ್ಕನೆಯದನ್ನು ಕೈಯಲ್ಲಿ ಹಿಡಿದೇ ನನ್ನನ್ನು ಕಾಯುತ್ತಿದ್ದರು. ಎಂಸಿಬಿ ಇಳಿಸಿ, ನೀರು ಬರುವ ವಾಲ್ವ್ ಮುಚ್ಚಿ, ಒಳಗಿನ ನೀರನ್ನೆಲ್ಲ ಇಳಿಸಿ ಫ್ಲ್ಯಾಂಜ್ ಸಡಿಲಿಸಿದಾಗ ಅದು ಕೆಳಗೆ ಬರಲಿಲ್ಲ. ಎಲಿಮೆಂಟ್, ಕೊಳವೆ, ಸುಣ್ಣ ಮೂರೂ ಸೇರಿ ಒಂದು ಮುದ್ದೆಯಾಗಿ, ಬಾಯಿಗಿಂತ ದಪ್ಪವಾಗಿ ಬೆಳೆದಿದ್ದವು. ಮರದ ಕಡ್ಡಿಯಿಂದ ಸುತ್ತಲೂ ಬಿಡಿಸಿ ಇಳಿಸಿಕೊಂಡಾಗ ಉದುರಿದ ಸುಣ್ಣವೇ ಒಂದು ಚರಿಗೆ ತುಂಬಿತು. ತಂತಿಗಳನ್ನು ಬಿಡಿಸಿ ಎಲಿಮೆಂಟಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ 27 ಓಮ್ ತೋರಿಸಿತು; 230 ವೋಲ್ಟಿನ 2 ಕಿಲೋವ್ಯಾಟ್ ಎಲಿಮೆಂಟಿಗೆ ಸುಮಾರು 26 ಓಮ್ ಇರಬೇಕಾದ್ದರಿಂದ ಅದು ಗಟ್ಟಿಮುಟ್ಟಾಗಿತ್ತು. ಥರ್ಮೋಸ್ಟ್ಯಾಟಿನ ಕಡ್ಡಿಯನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಲೆಗೆ ನೀರು ತಾಗದಂತೆ ಹಿಡಿದು, ಒಲೆಯ ಮೇಲೆ ಕಾಯುತ್ತಿದ್ದ ಪಾತ್ರೆಯ ನೀರಿನಲ್ಲಿ ಥರ್ಮಾಮೀಟರಿನ ಜೊತೆ ಇಳಿಬಿಟ್ಟೆ. ಗುರುತು 60ಕ್ಕೆ ಇತ್ತು. 58ಕ್ಕೆ ಟಕ್ಕೆಂದು ಬಿಟ್ಟಿತು. ಎಂದರೆ ಮೂರು ಥರ್ಮೋಸ್ಟ್ಯಾಟುಗಳ ದುಡ್ಡು ನಿಷ್ಕಾರಣ ಹೋಗಿತ್ತು. ಎಸೆದುಬಿಟ್ಟಿದ್ದ ಹಳೆಯವೂ ಪ್ರಾಯಶಃ ಸರಿಯಾಗಿಯೇ ಇದ್ದಿರಬೇಕು ಎಂದು ಹೇಳುವಾಗ ನನಗೇ ಸಂಕಟವಾಯಿತು.

ಶುಚಿ ಮಾಡಿದ್ದು ಹೀಗೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಹರಳನ್ನು ಲೀಟರಿಗೆ 50 ಗ್ರಾಂನಂತೆ ಬಿಸಿನೀರಿನಲ್ಲಿ ಕರಗಿಸಿ, ಎಲಿಮೆಂಟಿನ ನೀರಿನಲ್ಲಿರುವ ಭಾಗವನ್ನು ಮಾತ್ರ ಅದರಲ್ಲಿ ಮುಳುಗಿಸಿ, ಕರೆಂಟಿನ ತುದಿಗಳು ಒದ್ದೆಯಾಗದಂತೆ ಎರಡು ಗಂಟೆ ಇಟ್ಟೆವು. ಸುಣ್ಣ ನೊರೆಯೆದ್ದು ಕರಗುತ್ತದೆ, ಉಳಿದದ್ದು ಬೆರಳಿನಿಂದ ಒತ್ತಿದರೆ ಕಳಚುತ್ತದೆ. ಬಚ್ಚಲು ತೊಳೆಯುವ ಆಸಿಡ್ ಸುರಿಯುವ ಮೆಕ್ಯಾನಿಕ್‌ಗಳನ್ನು ನೋಡಿದ್ದೇನೆ. ಅದು ಸುಣ್ಣವನ್ನು ಐದು ನಿಮಿಷದಲ್ಲಿ ತಿನ್ನುತ್ತದೆ, ಜೊತೆಗೆ ಬೆಸುಗೆಗಳನ್ನೂ ಲೋಹದ ಮೈಯನ್ನೂ ತಿನ್ನುತ್ತದೆ, ಅದರ ಹೊಗೆ ಎದೆಗೆ ಕೆಟ್ಟದ್ದು. ಚಾಣ, ಸುತ್ತಿಗೆಯಿಂದ ಕುಟ್ಟುವುದೂ ಬೇಡ. ಟ್ಯಾಂಕಿನ ಒಳಮೈಗೆ ಗಾಜಿನ ಲೇಪ ಇದ್ದರೆ ಒಂದು ಏಟಿಗೆ ಬಿರುಕು ಬಿಟ್ಟು, ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಫ್ಲ್ಯಾಂಜ್ ಬಿಚ್ಚಿದ ಮೇಲೆ ಹಳೆಯ ರಬ್ಬರ್ ಗ್ಯಾಸ್ಕೆಟ್ಟನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಬೇಕು, ಇಲ್ಲದಿದ್ದರೆ ಒಂದು ವಾರದಲ್ಲಿ ಅಲ್ಲಿಂದ ನೀರು ತೊಟ್ಟಿಕ್ಕಿ ಕರೆಂಟಿನ ತುದಿಗಳ ಮೇಲೇ ಬೀಳುತ್ತದೆ. ಅದೇ ತಟ್ಟೆಯ ಮೇಲಿರುವ ಮೆಗ್ನೀಷಿಯಂ ಆನೋಡ್ ಕಡ್ಡಿ ಪೆನ್ಸಿಲ್ಲಿನಷ್ಟು ಸಣ್ಣಗಾಗಿದ್ದರೆ ಬದಲಿಸಬೇಕು. ತುಕ್ಕು ಟ್ಯಾಂಕಿಗೆ ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಇಷ್ಟಾದ ಮೇಲೆ ಗದಗಿನ ಆ ಗೀಸರಿನ ದೀಪ ಇಪ್ಪತ್ತು ನಿಮಿಷ ಉರಿದು ಆರಿತು, ನಾಲ್ಕನೆಯ ಥರ್ಮೋಸ್ಟ್ಯಾಟನ್ನು ಅವರು ಅಂಗಡಿಗೆ ಹಿಂತಿರುಗಿಸಿದರು.

ಜೋಡಿಸಿದ ಮೇಲೆ ಕರೆಂಟ್ ಕೊಡುವ ಮುನ್ನ ಒಂದು ಎಚ್ಚರ ಬೇಕು, ಏಕೆಂದರೆ ಎಲಿಮೆಂಟುಗಳು ನಿಜವಾಗಿ ಸುಡುವುದು ಬಹುಮಟ್ಟಿಗೆ ಇಲ್ಲಿಯೇ. ನೀರಿನ ವಾಲ್ವ್ ತೆರೆದು, ಬಿಸಿನೀರಿನ ನಳ ತಿರುಗಿಸಿ, ಗಾಳಿಯೆಲ್ಲ ಹೋಗಿ ನೀರು ಒಂದೇ ಸಮ ಧಾರೆಯಾಗಿ ಬರುವ ತನಕ ಕಾಯಬೇಕು. ಒಣ ಟ್ಯಾಂಕಿನಲ್ಲಿ ಎಲಿಮೆಂಟ್ ನಿಮಿಷಗಳಲ್ಲೇ ಕೆಂಪಗೆ ಕಾದು ಹಾಳಾಗುತ್ತದೆ. ಮೇಲಿನ ಟ್ಯಾಂಕ್ ಬರಿದಾಗಿದ್ದ ದಿನ, ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್ ಕೆಟ್ಟಿದ್ದರೆ ಗೀಸರಿನ ನೀರು ಬಂದ ದಾರಿಯಲ್ಲೇ ಕೆಳಗಿನ ನಳಕ್ಕೆ ಇಳಿದುಹೋಗುವುದೂ ಉಂಟು. ಆದ್ದರಿಂದ ನಳ ತಿರುಗಿಸಿ ನೀರು ಬರುವುದನ್ನು ನೋಡಿಯೇ ಸ್ವಿಚ್ ಹಾಕುವ ರೂಢಿ ಒಳ್ಳೆಯದು.

ಈಗ ಡೈರೆಕ್ಟ್ ಕೊಡುವ ಮಾತು. ಥರ್ಮೋಸ್ಟ್ಯಾಟಿನ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟರೆ ನೀರು ಖಂಡಿತ ಕಾಯುತ್ತದೆ, ಅದಕ್ಕೇ ಅದು ಜನಪ್ರಿಯ. ಆದರೆ ಆಮೇಲೆ ಅದನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವವರು ಸ್ವಿಚ್ ಆರಿಸಬೇಕಾದ ನೀವು ಮಾತ್ರ. ಕೆಲವರು, ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯುವ ಥರ್ಮಲ್ ಕಟೌಟ್ ಎಂಬ ಎರಡನೆಯ ಕಾವಲನ್ನೂ ಇದರ ಜೊತೆಗೆ ದಾಟಿಸಿಬಿಡುತ್ತಾರೆ. ಮುಚ್ಚಿದ ಟ್ಯಾಂಕಿನಲ್ಲಿ ನೀರು ಕುದಿಯುವ ಬಿಸಿ ದಾಟಿದರೆ ಒತ್ತಡ ಏರುತ್ತದೆ, ಆಗ ಉಳಿಯುವ ಆಸರೆ ಸೇಫ್ಟಿ ವಾಲ್ವ್ ಒಂದೇ. ಬೋರಿನ ನೀರಿನ ಮನೆಯಲ್ಲಿ ಆ ವಾಲ್ವಿನ ಬಾಯಿಗೂ ಅದೇ ಸುಣ್ಣ ಕಟ್ಟಿರುತ್ತದೆ. ಟ್ಯಾಂಕ್ ಒಡೆಯುವುದು ಹೀಗೆ. ಅಷ್ಟಕ್ಕೆ ಹೋಗದಿದ್ದರೂ ನಳದಿಂದ ಕುದಿನೀರು ಬರುತ್ತದೆ. 60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ವಯಸ್ಸಾದವರ ಚರ್ಮ ತೆಳು, ಅವರು ಕೈ ಹಿಂದೆಗೆಯುವುದೂ ನಿಧಾನ. ನಿಮ್ಮ ಅತ್ತೆಯವರಿಗೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡುವುದು ಗೀಸರ್ ಸರಿಯಾದ ಮೇಲೆಯೂ ಇರಬೇಕಾದ ಕ್ರಮ.

ಫ್ಲ್ಯಾಂಜ್ ಬಿಚ್ಚಿದಾಗ ಎಲಿಮೆಂಟನ್ನು ಇನ್ನೊಂದು ಬಗೆಯಲ್ಲಿಯೂ ಪರೀಕ್ಷಿಸಲು ಹೇಳಿ. ಸುಣ್ಣದಡಿ ಸಿಕ್ಕ ಎಲಿಮೆಂಟಿನ ಬಿಸಿ ಹೊರಗೆ ಹೋಗಲಾರದೆ ಅದರ ತಾಮ್ರದ ಮೈ ಬಿರುಕು ಬಿಡಬಹುದು. ಆ ಬಿರುಕಿನಿಂದ ನೀರು ಬಿಳಿ ಪುಡಿಯೊಳಗೆ ಇಳಿದರೆ ಓಮ್ ಸರಿಯಾಗಿಯೇ ಇದ್ದರೂ ವಿದ್ಯುತ್ತು ಮೈಗೆ ಸೋರುತ್ತದೆ. ಅಪರೂಪಕ್ಕೆ ಒಳಗಿನ ತಂತಿ ತುಂಡಾಗಿ ಅದರ ತುದಿ ಲೋಹದ ಮೈಗೆ ತಾಗಿ ನಿಲ್ಲುವುದುಂಟು. ಆಗ ಕರೆಂಟ್ ಅರ್ಧ ಸುರುಳಿಯಲ್ಲಿ ಹರಿದು ಅರ್ಥಿಂಗ್ ಮೂಲಕ ಹೊರಗೆ ಹೋಗುತ್ತದೆ ಮತ್ತು ನೀರು ಸ್ವಲ್ಪ ಕಾದಂತೆಯೂ ಕಾಣಬಹುದು. ಸುಟ್ಟ ಎಲಿಮೆಂಟಿನಿಂದ ಬೆಚ್ಚಗಿನ ನೀರು ಬರುವ ಸಂದರ್ಭ ಏನಾದರೂ ಇದ್ದರೆ ಅದು ಇದು, ಮತ್ತು ಎಲ್ಲಕ್ಕಿಂತ ಅಪಾಯದ್ದೂ ಇದೇ. ಮನೆಯಲ್ಲಿ, ವಿದ್ಯುತ್ತು ಸೋರಿದೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ಸ್ವಿಚ್ ಹಾಕಿದೊಡನೆ ಅದು ಬೀಳುತ್ತದೆ. ಹಾಗೆ ಬಿದ್ದರೆ ಅದನ್ನು ಬೈಪಾಸ್ ಮಾಡಿಸಲು ಯಾವ ಕಾರಣಕ್ಕೂ ಒಪ್ಪಬೇಡಿ. ಅದು ಇಲ್ಲದಿದ್ದರೆ ಗೀಸರಿನ ರಿಪೇರಿಗಿಂತ ಮೊದಲು ಅದನ್ನೇ ಹಾಕಿಸಿ. ನಳ ಮುಟ್ಟಿದಾಗ ಬೆರಳು ಜುಮ್ಮೆಂದರೆ ಆ ಕ್ಷಣದಿಂದ ಗೀಸರಿನ ಎಂಸಿಬಿ ಇಳಿಸಿಡಬೇಕು. ಈ ಸೋರಿಕೆಯನ್ನು ಸಾಮಾನ್ಯ ಮಲ್ಟಿಮೀಟರ್ ಎಷ್ಟೋ ಸಲ ಹಿಡಿಯುವುದಿಲ್ಲ. ಇಂಥ ಸೋರಿಕೆಯನ್ನು ಅಳೆಯಲೆಂದೇ ಇರುವ 500 ವೋಲ್ಟಿನ ಮೆಗ್ಗರ್ ಉಪಕರಣ ಇರುವವರನ್ನೇ ಕರೆಯಿರಿ. ಅದು ಸೋರಿಕೆ ತೋರಿಸಿದರೆ, ಅಥವಾ ತಾಮ್ರದ ಮೈಯಲ್ಲಿ ಕಪ್ಪು ಗುಳಿಗಳು ಕಂಡರೆ, ಎಲಿಮೆಂಟ್ ಬದಲಿಸುವುದೊಂದೇ ದಾರಿ. ಅಷ್ಟೇ ವ್ಯಾಟಿನ, ಅದೇ ಫ್ಲ್ಯಾಂಜಿನ ಅಳತೆಯ, ಐಎಸ್‌ಐ ಗುರುತಿನದನ್ನು ಹಾಕಿಸಿ.

ಅರ್ಥಿಂಗ್ ವಿಷಯದಲ್ಲಿ ನಮ್ಮ ಎರೆ ಭೂಮಿಗೆ ಒಂದು ಸ್ವಭಾವವಿದೆ. ಹಸಿಯಿದ್ದಾಗ ಅದು ಅರ್ಥಿಂಗಿಗೆ ಒಳ್ಳೆಯ ಮಣ್ಣು, ಆದರೆ ಬೇಸಿಗೆಯಲ್ಲಿ ಬಿರಿದು ಪೈಪಿನಿಂದ ದೂರ ಸರಿದುಬಿಡುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್ ತಿಂಗಳಲ್ಲಿ ಹೆಸರಿಗೆ ಮಾತ್ರ ಉಳಿದದ್ದನ್ನು ಧಾರವಾಡದ ಹಲವು ಮನೆಗಳಲ್ಲಿ ಅಳೆದು ನೋಡಿದ್ದೇನೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ವಾರಕ್ಕೊಂದು ಬಕೆಟ್ ನೀರು ಹಾಕಿ.

ಎಲ್ಲವನ್ನೂ ಬಿಚ್ಚಿಸುವ ಮುನ್ನ ಎರಡೇ ನಿಮಿಷದ ಇನ್ನೊಂದು ಪರೀಕ್ಷೆ ಮಾಡಿ, ಇದರಲ್ಲಿ ಕರೆಂಟಿನ ಗೊಡವೆಯಿಲ್ಲ. ಸ್ವಿಚ್ ಆರಿಸಿ, ಗೀಸರಿಗೆ ನೀರು ಬರುವ ವಾಲ್ವನ್ನು ಪೂರ್ತಿ ಮುಚ್ಚಿ, ಬಿಸಿನೀರಿನ ನಳವನ್ನು ಮಾತ್ರ ತಿರುಗಿಸಿ. ನೀರು ನಿಂತುಹೋಗಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಬಿಸಿನೀರು ತಣ್ಣೀರು ಬೆರೆಸುವ ನಳದ ಮಿಕ್ಸರಿನೊಳಗಿಂದ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ ಎಂದರ್ಥ, ಮತ್ತು ಆ ಮಿಕ್ಸರಿನ ದುರಸ್ತಿಯೂ ಆಗಬೇಕು. ನಿಮ್ಮ ದೀಪದ ನಡತೆ ನೋಡಿದರೆ ನಿಮ್ಮಲ್ಲಿ ಹಾಗಿರಲಾರದು, ಆದರೂ ಸುಮ್ಮನೆ ನೋಡಿಬಿಡಿ.

ಹಾಗಾಗಿ ಮೆಕ್ಯಾನಿಕ್ ಬಂದಾಗ "ಥರ್ಮೋಸ್ಟ್ಯಾಟ್ ಬದಲಿಸಿ" ಎಂದಾಗಲಿ "ಕಾಯಿಲ್ ಬದಲಿಸಿ" ಎಂದಾಗಲಿ ಹೇಳಬೇಡಿ. "ನೀರು ಇಳಿಸಿ ಫ್ಲ್ಯಾಂಜ್ ಬಿಚ್ಚಿ, ಸುಣ್ಣ ತೆಗೆಯಿರಿ, ಎರಡನ್ನೂ ಅಳೆದು ತೋರಿಸಿ, ಹೊಸ ಗ್ಯಾಸ್ಕೆಟ್ ಹಾಕಿ" ಎನ್ನಿ. ಇದಕ್ಕೆ ಎರಡು ಮೂರು ಗಂಟೆಯ ಕೂಲಿ ಬೀಳುತ್ತದೆ, ಥರ್ಮೋಸ್ಟ್ಯಾಟ್ ತೂರಿಸುವುದಕ್ಕಿಂತ ಹೆಚ್ಚೇ ಆಗುತ್ತದೆ. ಫ್ಲ್ಯಾಂಜ್ ಇಳಿಸಿದಾಗ ಟಾರ್ಚ್ ಹಿಡಿದು ಟ್ಯಾಂಕಿನ ಒಳಗೆ ನೋಡಲು ಹೇಳಿ. ಬೆಸುಗೆಯ ಅಂಚಿನಲ್ಲಿ ಕೆಂಪು ತುಕ್ಕು ತಿಂದು ಗುಳಿಬಿದ್ದಿದ್ದರೆ, ಅಥವಾ ಹೊರಗಿನ ಕವಚದ ಕೆಳಗೆ ತುಕ್ಕಿನ ನೀರು ಒಸರುತ್ತಿದ್ದರೆ ಮಾತ್ರ ಹೊಸ ಗೀಸರಿನ ಮಾತು ಬರುತ್ತದೆ, ಏಕೆಂದರೆ ತೂತಾದ ಟ್ಯಾಂಕಿಗೆ ಬಾಳುವ ರಿಪೇರಿ ಇಲ್ಲ. ಮೇಲುನೋಟಕ್ಕೆ ಆರು ವರ್ಷದ ಗೀಸರ್ ಎಸೆಯುವಂಥದ್ದಲ್ಲ.

ಶುಚಿಯಾದ ಮೇಲೆ ಗುರುತನ್ನು 60ಕ್ಕಿಂತ ಮೇಲೆ ಇಡಬೇಡಿ, ಸಾಧ್ಯವಾದಷ್ಟು ನಳದ ನೀರನ್ನೇ ಗೀಸರಿನ ಟ್ಯಾಂಕಿಗೆ ಉಳಿಸಿಕೊಳ್ಳಿ. ಮೊದಲ ದಿನ ತಣ್ಣೀರಿನಿಂದ ಶುರುಮಾಡಿ ದೀಪ ಆರುವ ತನಕ ಎಷ್ಟು ನಿಮಿಷವಾಯಿತೆಂದು ನೋಡಿ, ತಾರೀಖಿನೊಂದಿಗೆ ಗೀಸರಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಅದು 32ರ ಆಸುಪಾಸಿನಲ್ಲಿರುತ್ತದೆ, ಚಳಿಗಾಲದ ಬೆಳಗಿನಲ್ಲಿ ಮೂರು ನಾಲ್ಕು ನಿಮಿಷ ಹೆಚ್ಚು. ಎರಡು ತಿಂಗಳಿಗೊಮ್ಮೆ ಹಾಗೆಯೇ ನೋಡುತ್ತಾ ಹೋಗಿ. 25ಕ್ಕೆ ಇಳಿದಾಗ ಸುಣ್ಣ ಮತ್ತೆ ಸಂದಿಗೆ ಸೇರುತ್ತಿದೆ ಎಂದು ತಿಳಿದು, ನೀರು ಉಗುರುಬೆಚ್ಚಗಾಗುವ ತನಕ ಕಾಯದೆ ಫ್ಲ್ಯಾಂಜ್ ಬಿಚ್ಚಿಸಿ.